ಮನೆವಾರ್ತೆ : ತಂದೆತಾಯಿಗಳ ನಂತರದ ಪಿಂಚಣಿ, ಪಾಲಕತ್ವ ಮತ್ತು ಆಸ್ತಿ

ಕಳೆದ ಸಂಚಿಕೆಯ ನಂತರ ಉಪ್ಪಲಿನ ವಾಚಕರೊಬ್ಬರು ನಮಗೆ ನಾಲ್ಕು ಪುಟಗಳ ಕಾಗದವೊಂದನ್ನು ಬರೆದಿದ್ದಾರೆ. ಹಾವೇರಿ ಕಡೆಯವರು, ಇಲ್ಲಿಗೆ ಬಂದು ಮೂವತ್ತೈದು ವರ್ಷವಾಯಿತು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ದುಡಿದು ಹೋದ ವರ್ಷ ನಿವೃತ್ತರಾದವರು. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಮಗನಿಗೆ ಇಪ್ಪತ್ತೇಳು ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ತನ್ನ ಸ್ನಾನ ಊಟ ತಾನು ಮಾಡಿಕೊಳ್ಳುತ್ತಾನೆ, ಬೀದಿಯ ಕಿರಾಣಿ ಅಂಗಡಿಗೆ ಹೋಗಿ ಹಾಲು ತರುತ್ತಾನೆ. ಆದರೆ ಚಿಲ್ಲರೆ ಎಣಿಸಲಾರ, ಸಹಿ ಹಾಕಲಾರ. "ನನ್ನ ಮನೆಯನ್ನೂ ಬ್ಯಾಂಕಿನ ಹಣವನ್ನೂ ಮಗನ ಹೆಸರಿಗೇ ಬರೆದುಬಿಡಬೇಕೆಂದು ಮಾಡಿದ್ದೇನೆ. ಮನೆಯವಳು ಬೇಡ, ಮಗಳ ಹೆಸರಿಗೆ ಬರೆಯಿರಿ, ಅವಳು ತಮ್ಮನನ್ನು ನೋಡಿಕೊಳ್ಳುತ್ತಾಳೆ ಎನ್ನುತ್ತಾಳೆ. ಇಬ್ಬರಲ್ಲಿ ಯಾರ ಮಾತು ಸರಿ?" ಎಂಬುದು ಅವರ ಪ್ರಶ್ನೆ.

ಇಬ್ಬರ ಮಾತೂ ಸರಿಯಲ್ಲವೆಂದು ಹೇಳಬೇಕಾಗಿ ಬಂದುದಕ್ಕೆ ಆ ದಂಪತಿಗಳು ನಮ್ಮನ್ನು ಕ್ಷಮಿಸಬೇಕು. ಅವರ ಅನುಮತಿ ಪಡೆದು, ಗುರುತು ತಿಳಿಯದಂತೆ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ, ಅವರ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಇಂಥ ಮಕ್ಕಳಿರುವ ಸಂಸಾರಗಳು ನಮ್ಮ ಸಂಘದಲ್ಲಿ ಇನ್ನೂ ಇವೆ.

ಮೊದಲು ಪಿಂಚಣಿಯ ವಿಷಯ. ಕಾಗದದಲ್ಲಿ ಅವರು ಮನೆ, ಠೇವಣಿ, ಊರಿನ ಹೊಲ ಎಲ್ಲವನ್ನೂ ಬರೆದಿದ್ದಾರೆ. ತಮ್ಮಲ್ಲಿರುವ ಆಸ್ತಿಗಳಲ್ಲೆಲ್ಲ ದೊಡ್ಡದನ್ನು ಮಾತ್ರ ಬರೆದಿಲ್ಲ. ಅದು ಅವರ ಕುಟುಂಬ ಪಿಂಚಣಿ. ನೌಕರ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಮಕ್ಕಳಿಗೆ ಇಪ್ಪತ್ತೈದು ವರ್ಷದವರೆಗೆ ಬರುತ್ತದೆಂಬುದೂ ಹಲವರಿಗೆ ಗೊತ್ತು. ಆದರೆ ಸ್ವಂತ ಜೀವನೋಪಾಯ ಮಾಡಿಕೊಳ್ಳಲಾರದಷ್ಟು ವೈಕಲ್ಯವಿರುವ ಮಗನಿಗೋ ಮಗಳಿಗೋ ವಯಸ್ಸಿನ ಮಿತಿಯಿಲ್ಲದೆ ಜೀವಮಾನ ಪರ್ಯಂತ ಬರುತ್ತದೆಂಬುದು, ಸರಕಾರಿ ಕಚೇರಿಯಲ್ಲೇ ಕುಳಿತಿರುವ ನಮ್ಮಂಥವರಲ್ಲಿಯೂ ಅರ್ಧ ಜನಕ್ಕೆ ತಿಳಿಯದು. ಕೇಂದ್ರ ಸರಕಾರದ 2021ರ ಪಿಂಚಣಿ ನಿಯಮಗಳಲ್ಲಿ 50ನೆಯ ನಿಯಮ ಇದನ್ನು ಹೇಳುತ್ತದೆ. ಅದಕ್ಕೆ ಹಿಂದಿನ 1972ರ ನಿಯಮಗಳಲ್ಲಿಯೂ ಇದು ಇತ್ತು. ಇಂಥ ಮಗ ಅಥವಾ ಮಗಳು ಮದುವೆಯಾದರೂ ಪಿಂಚಣಿ ನಿಲ್ಲದೆಂದು 2013ರಿಂದ ಈಚೆಗೆ ಆದೇಶವಿದೆ.

ಇವರ ಕೊನೆಯ ತಿಂಗಳ ಮೂಲವೇತನ 60,000 ರೂಪಾಯಿ. ಸಾಮಾನ್ಯ ದರದ ಕುಟುಂಬ ಪಿಂಚಣಿ ಅದರ ನೂರಕ್ಕೆ 30 ಅಂಶ, ಅಂದರೆ 18,000 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ. ತುಟ್ಟಿಭತ್ಯೆಯ ದರ ಆರು ತಿಂಗಳಿಗೊಮ್ಮೆ ಬದಲಾಗುವುದರಿಂದ ಲೆಕ್ಕದ ಸುಲಭಕ್ಕೆ ನೂರಕ್ಕೆ 50 ಎಂದಿಟ್ಟುಕೊಳ್ಳೋಣ. 9,000 ಸೇರಿ ತಿಂಗಳಿಗೆ 27,000 ಆಯಿತು. ಮಗನ ಖರ್ಚನ್ನು ಅವರ ಪತ್ನಿಯವರು ಬಹಳ ಅಚ್ಚುಕಟ್ಟಾಗಿ ಬರೆದು ಕೊಟ್ಟಿದ್ದಾರೆ. ನೋಡಿಕೊಳ್ಳುವ ಆಳಿಗೆ 12,000, ಊಟ ಬಟ್ಟೆಗೆ 7,000, ಹಗಲು ಕಳುಹಿಸುವ ಕೇಂದ್ರಕ್ಕೆ 3,000, ಔಷಧ ಮತ್ತು ಚಿಲ್ಲರೆಗೆ 3,000, ಒಟ್ಟು 25,000. ಅಂದರೆ ತಂದೆತಾಯಿಗಳಿಬ್ಬರೂ ಹೋದ ಮೇಲೂ ಮಗನ ತಿಂಗಳ ಖರ್ಚು ಕುಟುಂಬ ಪಿಂಚಣಿಯಿಂದಲೇ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಬ್ಯಾಂಕಿನ ಬಡ್ಡಿಗೆ ಈ ಗುಣವಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಇಂದಿನ 25,000ದ ಖರ್ಚು ಹನ್ನೆರಡು ವರ್ಷಕ್ಕೆ 50,000 ಆಗುತ್ತದೆ, ಇಪ್ಪತ್ತನಾಲ್ಕು ವರ್ಷಕ್ಕೆ ಒಂದು ಲಕ್ಷ. ಈ ಹುಡುಗನಿಗೆ ಆಗ ಐವತ್ತೊಂದು ವಯಸ್ಸು ಮಾತ್ರ.

ಈಗ ಅವರ ಮೊದಲ ಯೋಚನೆಗೆ ಬರೋಣ: ಎಲ್ಲವನ್ನೂ ಮಗನ ಹೆಸರಿಗೆ ಬರೆಯುವುದು. ಕುಟುಂಬ ಪಿಂಚಣಿಗೆ ಒಂದು ಷರತ್ತಿದೆ. ಮಗನಿಗೆ ಬೇರೆ ಮೂಲಗಳಿಂದ ಬರುವ ಆದಾಯ ಒಂದು ಮಿತಿಯನ್ನು ದಾಟಬಾರದು. ಮೊದಲು ಈ ಮಿತಿ 9,000 ರೂಪಾಯಿ ಮತ್ತು ಅದರ ತುಟ್ಟಿಭತ್ಯೆ ಮಾತ್ರವಾಗಿತ್ತು. 2021ರ ಫೆಬ್ರವರಿ 8ರ ಆದೇಶದಿಂದ ವೈಕಲ್ಯವಿರುವ ಮಕ್ಕಳ ಮಟ್ಟಿಗೆ ಅದನ್ನು ಸಡಿಲಿಸಿದರು. ಬೇರೆ ಆದಾಯವು ಅವರಿಗೆ ಸಲ್ಲುವ ಸಾಮಾನ್ಯ ದರದ ಕುಟುಂಬ ಪಿಂಚಣಿ ಮತ್ತು ತುಟ್ಟಿಭತ್ಯೆಗಿಂತ ಕಡಿಮೆಯಿದ್ದರೆ ಸಾಕು. ನಮ್ಮ ಲೆಕ್ಕದಲ್ಲಿ ಆ ಮಿತಿ 27,000.

ಇವರ ಠೇವಣಿ 30 ಲಕ್ಷ. ನೂರಕ್ಕೆ ಏಳರ ಬಡ್ಡಿಯಂತೆ ವರ್ಷಕ್ಕೆ 2,10,000, ತಿಂಗಳಿಗೆ 17,500. ಉಪ್ಪಲಿನ ಮನೆಗೆ ಬಾಡಿಗೆ ಬರಬಹುದಾದದ್ದು 15,000. ಎರಡೂ ಮಗನ ಹೆಸರಿನಲ್ಲಿದ್ದರೆ ಅವನ ಸ್ವಂತ ಆದಾಯ 32,500 ಆಯಿತು. ಮಿತಿಗಿಂತ 5,500 ಹೆಚ್ಚು. ಈ ಐದೂವರೆ ಸಾವಿರದ ದೆಸೆಯಿಂದ ತಿಂಗಳಿಗೆ 27,000 ರೂಪಾಯಿಗಳ, ಏರುತ್ತ ಹೋಗುವ, ಸಾಯುವತನಕ ನಿಲ್ಲದ ಪಿಂಚಣಿ ಕೈತಪ್ಪಿ ಹೋಗುತ್ತದೆ. ಮಗನ ಮೇಲಿನ ಮಮತೆಯಿಂದ ತಂದೆಯೇ ಅವನ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ. ಕಣ್ತಪ್ಪಿಸಿ ಹೇಳದೆ ಇರಬಹುದಲ್ಲ ಎಂದು ಯಾರೂ ಎಣಿಸಬಾರದು. ಮಗನ ಪರವಾಗಿ ಪಿಂಚಣಿ ಪಡೆಯುವವರು ಅವನಿಗೆ ದುಡಿಮೆ ಆರಂಭವಾಗಿಲ್ಲವೆಂದು ವರ್ಷ ವರ್ಷವೂ ಬ್ಯಾಂಕಿಗೆ ಬರೆದು ಕೊಡಬೇಕಾಗುತ್ತದೆ. ಸುಳ್ಳು ಬರೆದುದು ಮುಂದೆ ಗೊತ್ತಾದರೆ ಪಡೆದುದನ್ನು ಕಕ್ಕಬೇಕಾಗುವುದು ಅವರೇ.

ಮಗನ ಹೆಸರಿಗೆ ಬರೆಯುವುದರಲ್ಲಿ ಇನ್ನೊಂದು ತೊಡಕಿದೆ. ಅವನು ಸಹಿ ಹಾಕಲಾರನು. ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ಕೂಡ ಕಾನೂನಿನ ಪ್ರಕಾರ ಅವನ ಪಾಲಕರಲ್ಲ. ಹೀಗಾಗಿ ಅವನ ಹೆಸರಿನ ಮನೆಯನ್ನು ಬಾಡಿಗೆಗೆ ಕೊಡುವುದಕ್ಕಾಗಲಿ, ಮಾರಿ ಆಶ್ರಮವೊಂದಕ್ಕೆ ಠೇವಣಿ ಕಟ್ಟುವುದಕ್ಕಾಗಲಿ, ಪಾಲಕರೊಬ್ಬರ ನೇಮಕವಾಗುವತನಕ ಏನೂ ನಡೆಯದು. ಉಯಿಲು ಬರೆಯದೆ ತಂದೆ ತೀರಿಕೊಂಡರೂ ಇದೇ ಗತಿ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ 28ನೆಯ ಕಲಮಿನ ಪ್ರಕಾರ ರೋಗ, ಊನ, ವಿಕಾರ ಯಾವುದೂ ಆಸ್ತಿಯ ಹಕ್ಕಿಗೆ ಅಡ್ಡಿಯಲ್ಲ. ಹಳೆಯ ಧರ್ಮಶಾಸ್ತ್ರದಲ್ಲಿ ಇಂಥವರಿಗೆ ಅನ್ನವಸ್ತ್ರ ಮಾತ್ರ, ಪಾಲಿಲ್ಲ ಎಂದಿತ್ತು. ಆ ಅನ್ಯಾಯ ತೊಲಗಿದ್ದು ಒಳ್ಳೆಯದೇ. ಆದರೆ ತಾಯಿ, ಅಕ್ಕ, ತಮ್ಮ ಮೂವರಿಗೂ ಸಮಪಾಲು ಬಂದು, ಮೂವರಲ್ಲಿ ಒಬ್ಬನ ಸಹಿ ಇಲ್ಲದೆ ಇಡೀ ಮನೆ ಬೀಗ ಹಾಕಿದಂತೆ ನಿಲ್ಲುತ್ತದೆ.

ತಾಯಿಯ ಯೋಚನೆ ಮಗಳ ಹೆಸರಿಗೆ ಬರೆಯುವುದು. ಮಗಳು ಒಳ್ಳೆಯವಳೆಂದು ತಂದೆ ಎರಡು ಕಡೆ ಬರೆದಿದ್ದಾರೆ. ನಮಗೆ ಅದರಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ಆಯುಸ್ಸಿನ ವಿಷಯದಲ್ಲಿ. ಮನೆ ಮಗಳ ಹೆಸರಿಗೆ ಬಂದ ಮರುದಿನದಿಂದ ಅದು ಮಗಳದೇ. ತಮ್ಮನನ್ನು ಸಾಕಬೇಕೆಂಬುದು ಅವಳ ಮನಸ್ಸಿನಲ್ಲಿ ಇದೆಯೇ ಹೊರತು ಪತ್ರದಲ್ಲಿ ಇಲ್ಲ. ಅಕ್ಕ ತಮ್ಮನಿಗಿಂತ ಐದು ವರ್ಷ ದೊಡ್ಡವಳು. ದೈವವಶಾತ್ ಅವಳು ಮೊದಲು ಹೋದರೆ, ಅವಳು ಉಯಿಲು ಬರೆದಿಲ್ಲವಾದರೆ, ಉಯಿಲಿನಿಂದ ಬಂದ ಆ ಮನೆ ಅವಳ ಗಂಡನಿಗೂ ಮಕ್ಕಳಿಗೂ ಹೋಗುತ್ತದೆ. ತಮ್ಮನಿಗೆ ಅದರಲ್ಲಿ ಕಾಸೂ ಇಲ್ಲ. ಅಳಿಯ ವ್ಯಾಪಾರದಲ್ಲಿ ಸಾಲ ಮಾಡಿ ಹೆಂಡತಿಯ ಸಹಿ ಹಾಕಿಸಿದ್ದರೆ ಸಾಲಗಾರರೂ ಬರಬಹುದು. ಯಾರ ಕೆಟ್ಟತನವೂ ಬೇಡ, ಕಾಲವೊಂದೇ ಸಾಕು.

ಹಾಗಾದರೆ ಆಸ್ತಿ ಯಾರ ಹೆಸರಿನಲ್ಲಿರಬೇಕು? ಇಂಥ ಕಡೆ ಉಪಯೋಗಕ್ಕೆ ಬರುವುದೇ ಖಾಸಗಿ ಟ್ರಸ್ಟು. ಟ್ರಸ್ಟೆಂದೊಡನೆ ಛತ್ರ, ಶಾಲೆ, ದೇವಸ್ಥಾನ ನೆನಪಾಗುವುದು ಸಹಜ. ಇದು ಅದಲ್ಲ. 1882ರ ಭಾರತೀಯ ಟ್ರಸ್ಟುಗಳ ಕಾನೂನಿನ ಪ್ರಕಾರ ಯಾವ ಗೃಹಸ್ಥನಾದರೂ ತನ್ನ ಆಸ್ತಿಯನ್ನು ಇಬ್ಬರು ಮೂವರ ಕೈಗೆ ಕೊಟ್ಟು, "ಇದು ನಿಮ್ಮ ಹೆಸರಿನಲ್ಲಿದ್ದರೂ ನಿಮ್ಮದಲ್ಲ, ಇಂಥವನ ಹಿತಕ್ಕಾಗಿ ನಡೆಸಬೇಕು" ಎಂದು ಕಟ್ಟುಮಾಡಬಹುದು. ಹೆಸರು ಟ್ರಸ್ಟಿಗಳದು, ಫಲ ಮಗನದು. ಟ್ರಸ್ಟಿ ಸತ್ತರೆ ಅವನ ಮಕ್ಕಳಿಗೆ ಹೋಗದು. ಮುಂದಿನ ಟ್ರಸ್ಟಿಗೆ ಹೋಗುತ್ತದೆ. ಟ್ರಸ್ಟಿಯ ಸಾಲಕ್ಕೆ ಅದನ್ನು ಜಫ್ತಿ ಮಾಡಲು ಬರುವುದಿಲ್ಲ. ಮನೆಯಂಥ ಸ್ಥಿರಾಸ್ತಿಯಿದ್ದರೆ ಬದುಕಿದ್ದಾಗ ಮಾಡುವ ಟ್ರಸ್ಟು ಲಿಖಿತವಾಗಿ, ನೋಂದಣಿಯಾಗಿ ಇರಬೇಕು. ಇಲ್ಲವೆ ಉಯಿಲಿನ ಮೂಲಕವೇ ಮಾಡಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ, ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇವೆ. ಟ್ರಸ್ಟಿನ ಉತ್ಪನ್ನವೆಲ್ಲ ತಿಂಗಳು ತಿಂಗಳೂ ಮಗನಿಗೆ ಸಲ್ಲತಕ್ಕದ್ದು ಎಂದು ಬರೆದರೆ ಅದು ಅವನ ಹಕ್ಕಿನ ಆದಾಯವೇ ಆಯಿತು; ಪಿಂಚಣಿಯ ಮಿತಿಯ ತೊಡಕು ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಬದಲಿಗೆ, ಮಗನಿಗೆ ಯಾವಾಗ ಎಷ್ಟು ಬೇಕೆಂದು ಟ್ರಸ್ಟಿಗಳು ವಿವೇಚಿಸಿ ಖರ್ಚು ಮಾಡತಕ್ಕದ್ದು, ಉಳಿದುದು ಟ್ರಸ್ಟಿನಲ್ಲಿಯೇ ಬೆಳೆಯತಕ್ಕದ್ದು ಎಂದು ಬರೆದರೆ, ಬಾಡಿಗೆ ಬಡ್ಡಿಗಳು ಮಗನ ಹಕ್ಕಿನ ಆದಾಯವಾಗವು. ಆದರೆ ಹೀಗೆ ವಿವೇಚನೆಗೆ ಬಿಟ್ಟ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ತೆರಿಗೆಯವರು ಅತ್ಯಂತ ಮೇಲಿನ ದರವನ್ನೇ ಹಾಕುತ್ತಾರೆ. ಒಂದು ಕಡೆ ತಪ್ಪಿಸಿಕೊಂಡರೆ ಇನ್ನೊಂದು ಕಡೆ ಸಿಕ್ಕಿಬಿದ್ದಂತೆ.

ಅದಕ್ಕೂ ಕಾನೂನೇ ಒಂದು ಕಿಂಡಿಯನ್ನಿಟ್ಟಿದೆ. ಟ್ರಸ್ಟು ಉಯಿಲಿನ ಮೂಲಕ ಆದದ್ದಾಗಿದ್ದರೆ, ಮತ್ತು ಆ ಮನುಷ್ಯ ಉಯಿಲಿನಿಂದ ಮಾಡಿದ ಏಕೈಕ ಟ್ರಸ್ಟು ಅದಾಗಿದ್ದರೆ, ಮೇಲಿನ ದರ ಬಿದ್ದು ಸಾಮಾನ್ಯ ದರ ಬರುತ್ತದೆ. ಆದಕಾರಣ ನಮ್ಮ ವಾಚಕರಿಗೆ ನಾವು ಹೇಳುವುದು ಉಯಿಲಿನ ಟ್ರಸ್ಟನ್ನೇ. ಅದರಿಂದ ಇನ್ನೂ ಒಂದು ಅನುಕೂಲ, ಬದುಕಿರುವಾಗ ಮನೆಯನ್ನು ಟ್ರಸ್ಟಿಗೆ ವರ್ಗಾಯಿಸುವ ಮುದ್ರಾಂಕದ ಖರ್ಚಿಲ್ಲ; ಮನಸ್ಸು ಬದಲಾದರೆ ಬೇರೆ ಉಯಿಲು ಬರೆಯಬಹುದು. ಕರಡನ್ನು ಮಾತ್ರ ಒಬ್ಬ ವಕೀಲರಿಗೂ ಒಬ್ಬ ಆಡಿಟರಿಗೂ ತೋರಿಸಿಯೇ ಸಹಿ ಮಾಡಬೇಕು. ಇಬ್ಬರೂ ಬೇಕು, ವಕೀಲರು ತೆರಿಗೆಯನ್ನೂ ಆಡಿಟರು ಉಯಿಲನ್ನೂ ಮರೆಯುವುದುಂಟು. ಟ್ರಸ್ಟಿನಿಂದ ಮಗನಿಗೆ ಆಗುವ ಖರ್ಚನ್ನು ತಮ್ಮ ಲೆಕ್ಕದಲ್ಲಿ ಹೇಗೆ ಹಿಡಿಯುತ್ತಾರೆಂದು ಪಿಂಚಣಿ ಕಚೇರಿಯನ್ನು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದುಕೊಳ್ಳುವುದೂ ಒಳ್ಳೆಯದು. ನಮ್ಮ ಅಭಿಪ್ರಾಯದಲ್ಲಿ ಪ್ರತಿ ತಿಂಗಳ ಊಟ, ಆಳು, ಕೇಂದ್ರದ ಶುಲ್ಕ ಪಿಂಚಣಿಯಿಂದ ನಡೆಯಲಿ. ಆಸ್ಪತ್ರೆಯ ಬಿಲ್ಲು, ಮನೆ ದುರಸ್ತಿ, ಮುಂದೆ ವಸತಿಗೃಹಕ್ಕೆ ಸೇರಿಸಬೇಕಾಗಿ ಬಂದಾಗಿನ ಠೇವಣಿ ಇಂಥವನ್ನು ಟ್ರಸ್ಟು ನೇರವಾಗಿ ಆಸ್ಪತ್ರೆಗೋ ಸಂಸ್ಥೆಗೋ ಕಟ್ಟಲಿ. ಮಗನ ಖಾತೆಗೆ ಟ್ರಸ್ಟಿನಿಂದ ತಿಂಗಳ ತಿಂಗಳ ಹಣ ಬೀಳುವುದು ಬೇಡ.

ಉಯಿಲಿನಲ್ಲಿ ಏನಿರಬೇಕು? ಇವರ ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ. ಆದ್ದರಿಂದ ಒಂದು ಉಯಿಲು ಸಾಲದು. ಇಬ್ಬರೂ ಬೇರೆ ಬೇರೆ ಬರೆಯಬೇಕು. ಮೊದಲು ಹೋದವರ ಪಾಲು, ಉಳಿದವರು ಬದುಕಿರುವ ತನಕ ಅವರ ಅನುಭವಕ್ಕೆ, ಅವರ ನಂತರ ಟ್ರಸ್ಟಿಗೆ ಎಂದಿರಬೇಕು. ಹೆಂಡತಿಯನ್ನು ಮರೆತು ಎಲ್ಲವನ್ನೂ ಮಗನ ಟ್ರಸ್ಟಿಗೇ ಬರೆದ ಉಯಿಲೊಂದನ್ನು ನಾವು ಕಂಡಿದ್ದೇವೆ; ಆ ತಾಯಿ ತಾನಿದ್ದ ಮನೆಯ ಸುಣ್ಣಬಣ್ಣಕ್ಕೂ ಮೈದುನನನ್ನು ಕೇಳಬೇಕಾಯಿತು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ಸಬ್ ರಿಜಿಸ್ಟ್ರಾರರಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸುವುದು ಲೇಸು. ಬ್ಯಾಂಕಿನ ಠೇವಣಿಗಳಿಗೆ ಮಗಳನ್ನು ನಾಮಿನಿ ಮಾಡಿದ್ದಾರಂತೆ. ನಾಮಿನಿಯೆಂದರೆ ಬ್ಯಾಂಕಿನಿಂದ ಹಣ ತೆಗೆದುಕೊಳ್ಳುವ ಕೈ ಮಾತ್ರ, ಒಡೆತನವಲ್ಲ. ಉಯಿಲಿನ ಮಾತೂ ನಾಮಿನಿಯ ಹೆಸರೂ ಒಂದಕ್ಕೊಂದು ಹೊಂದಿಕೆಯಾಗಿದ್ದರೆ ಮುಂದೆ ಜಗಳವಿಲ್ಲ.

ಟ್ರಸ್ಟಿಗಳು ಮೂವರಿರಲಿ. ಮಗಳು ಇರಲೇಬೇಕು. ಇನ್ನೊಬ್ಬರು ತಾಯಿಯ ಕಡೆಯವರು. ಮೂರನೆಯವರು ನೆಂಟಸ್ತಿಕೆ ಇಲ್ಲದ, ಮಗಳಿಗಿಂತಲೂ ಕಿರಿಯ ವಯಸ್ಸಿನ ಸ್ನೇಹಿತರು. ತಂದೆ ಸೂಚಿಸಿರುವ ಹೆಸರುಗಳೆಲ್ಲ ಅರವತ್ತು ದಾಟಿದವರವು. ಇವರ ಜೊತೆಗೇ ಅವರೂ ಮುದುಕರಾಗುತ್ತಾರೆ. ಒಬ್ಬ ಟ್ರಸ್ಟಿ ತೀರಿಕೊಂಡರೆ ಉಳಿದವರು ಹೊಸಬರನ್ನು ಆರಿಸಬೇಕೆಂಬ ಮಾತು ಪತ್ರದಲ್ಲಿರಲಿ. ಮಗನ ಕಾಲದ ನಂತರ ಉಳಿದ ಆಸ್ತಿ ಯಾರಿಗೆ ಎಂಬುದನ್ನೂ ಬರೆಯಬೇಕು. ಇಲ್ಲಿ ತಂದೆ ಮೊಮ್ಮಕ್ಕಳಿಗೆ ಎನ್ನುತ್ತಾರೆ. ಆಗಬಹುದು, ಆದರೆ ಆಗ ಮಗನಿಗೆ ಖರ್ಚಾಗುವ ಒಂದೊಂದು ರೂಪಾಯಿಯೂ ಮಗಳ ಮಕ್ಕಳಿಗೆ ಕಡಿಮೆಯಾಗುವ ರೂಪಾಯಿ ಎಂಬುದನ್ನು ತಿಳಿದಿರಬೇಕು. ಎಷ್ಟೇ ಪ್ರೀತಿಯಿದ್ದರೂ ಉಳಿಸುವ ಕಡೆಗೆ ಕೈ ಜಗ್ಗುತ್ತದೆ. ನೆಂಟಸ್ತಿಕೆಯಿಲ್ಲದ ಮೂರನೆಯ ಟ್ರಸ್ಟಿಯನ್ನು ನಾವು ಹೇಳಿದ್ದು ಈ ಕಾರಣಕ್ಕೇ.

ಊರಿನ ಹೊಲದ ಬಗ್ಗೆ ಒಂದೇ ಮಾತು. ಅದು ಪಿತ್ರಾರ್ಜಿತ; ಅದರಲ್ಲಿ ತಂದೆ ತನ್ನ ಪಾಲನ್ನು ಮಾತ್ರ ಉಯಿಲಿನಲ್ಲಿ ಬರೆಯಬಲ್ಲರು. ಮಾರುವುದಿದ್ದರೆ ದಾಯಾದಿಗಳ ಜೊತೆ ಮಾತಾಡಿ, ಭಾಗ ಮಾಡಿಕೊಂಡು, ತಮ್ಮ ಕೈಯಲ್ಲಿ ಸಹಿ ಹಾಕುವ ಬಲವಿರುವಾಗಲೇ ಮಾರಿ ಹಣ ಮಾಡಿಕೊಳ್ಳುವುದು ಮೇಲು. ಭಾಗಪತ್ರದಲ್ಲಿ ಮಗನ ಪಾಲೂ ಸೇರಿದ್ದರೆ ಅವನ ಪರವಾಗಿ ಸಹಿ ಹಾಕುವವರು ಬೇಕು, ಆ ಮಾತಿಗೆ ಈಗ ಬರುತ್ತೇವೆ.

ಪಾಲಕರ ನೇಮಕ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಈ ನಾಲ್ಕಕ್ಕಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾನೂನು ಬಂತು. ಅದಕ್ಕೆ ಮೊದಲು ಜಿಲ್ಲಾ ನ್ಯಾಯಾಲಯಕ್ಕೆ ಅಲೆಯಬೇಕಾಗಿತ್ತು. ಈಗ ಪ್ರತಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಒಬ್ಬ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ವೈಕಲ್ಯವಿರುವ ವ್ಯಕ್ತಿಯೊಬ್ಬರು, ಹೀಗೆ ಮೂವರು. 14ನೆಯ ಕಲಮಿನ ಪ್ರಕಾರ ತಂದೆತಾಯಿಯೋ ಬಂಧುವೋ ಅರ್ಜಿ ಕೊಟ್ಟರೆ, ಪಾಲಕರು ಬೇಕೇ, ಯಾವ ಕೆಲಸಗಳಿಗೆ ಬೇಕು ಎಂದು ವಿಚಾರಿಸಿ ನೇಮಿಸುತ್ತಾರೆ. ಉಪ್ಪಲ್ ಹೈದರಾಬಾದು ಜಿಲ್ಲೆಗೆ ಸೇರಿದ್ದಲ್ಲ, 2016ರ ಅಕ್ಟೋಬರಿನಲ್ಲಿ ಆದ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆ. ಹೈದರಾಬಾದಿನ ಕಲೆಕ್ಟರರ ಕಚೇರಿಗೆ ಅರ್ಜಿ ಹಾಕಿದರೆ ಅದು ತಿರುಗಿ ಬರುತ್ತದೆ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನು ಹೇಳುತ್ತದೆ. ನಮ್ಮ ಪತ್ರಿಕೆಯೂ ಮೂರು ತಿಂಗಳಿಗೊಮ್ಮೆ ಹೊರಡಬೇಕು. ಎರಡೂ ಕೆಲವೊಮ್ಮೆ ತಡವಾಗುತ್ತವೆ ಎಂದಷ್ಟೇ ಹೇಳಬಲ್ಲೆವು.

ಅರ್ಜಿಯ ನಮೂನೆಗೆ ಎ ಎಂದು ಹೆಸರು. ಅದರ ಜೊತೆಗೆ ಮಗನ ವೈಕಲ್ಯ ಪ್ರಮಾಣಪತ್ರ, ವಯಸ್ಸಿನ ಮತ್ತು ವಿಳಾಸದ ದಾಖಲೆ, ಪಾಲಕರಾಗುವವರ ಒಪ್ಪಿಗೆ ಇವೆಲ್ಲ ಬೇಕಾಗುತ್ತವೆ. ಪ್ರಮಾಣಪತ್ರವನ್ನು ಹಿಂದೆ ಸದರಂ ಶಿಬಿರದಲ್ಲಿ ಮಾಡಿಸಿದ್ದಾರಂತೆ. ಈಗ ದೇಶಕ್ಕೆಲ್ಲ ಒಂದೇ ಆದ ಯುಡಿಐಡಿ ಕಾರ್ಡನ್ನೂ ಮಾಡಿಸಿಕೊಳ್ಳಲಿ. ಬುದ್ಧಿಮಟ್ಟದ ಪರೀಕ್ಷೆ, ಸಲಹೆ ಬೇಕಾದವರಿಗೆ ಸಿಕಂದರಾಬಾದಿನ ಬೋಯಿನ್‌ಪಲ್ಲಿಯ ಮನೋವಿಕಾಸ ನಗರದಲ್ಲಿ 1984ರಿಂದಲೂ ರಾಷ್ಟ್ರೀಯ ಸಂಸ್ಥೆಯೇ ಇದೆ. ಇಡೀ ದೇಶದವರು ಅಲ್ಲಿಗೆ ಬರುತ್ತಾರೆ. ನಮ್ಮ ಊರಿನಲ್ಲಿದ್ದೂ ನಾವು ಅದರ ಬಾಗಿಲು ನೋಡಿರುವುದಿಲ್ಲ.

ಈಗ ಅರ್ಜಿ ಹಾಕಬೇಕಾದವರು ತಂದೆತಾಯಿಗಳೇ. ಇಪ್ಪತ್ತೇಳು ವರ್ಷದ ಮಗನಿಗೆ ತಾವಿರುವಾಗ ಪಾಲಕರೇಕೆ ಎಂದು ಕೇಳಬಹುದು. ಬ್ಯಾಂಕಿನ ಖಾತೆ, ಭಾಗಪತ್ರದ ಸಹಿ ಇಂಥವಕ್ಕೆ ಆ ಪ್ರಮಾಣಪತ್ರ ಇಂದೇ ಬೇಕು. ಸಮಿತಿಯ ಪ್ರಮಾಣಪತ್ರವನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕು 2007ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಕೌಂಟರಿನಲ್ಲಿ ಕುಳಿತವರು ಕೋರ್ಟಿನ ಆದೇಶ ತನ್ನಿ ಎಂದರೆ ಇದನ್ನು ಹೇಳಿ ಮ್ಯಾನೇಜರರ ಹತ್ತಿರ ಹೋಗಬೇಕು. ಪಾಲಕರಾದವರಿಗೆ ಹೊಣೆಯೂ ಉಂಟು: ನೇಮಕವಾದ ಆರು ತಿಂಗಳೊಳಗೆ ಮಗನ ಆಸ್ತಿಯ ಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪಾಲಕರು ಮಗನನ್ನು ನೋಡಿಕೊಳ್ಳದೆ ಹೋದರೆ, ಆಸ್ತಿಯನ್ನು ಹಾಳು ಮಾಡಿದರೆ, ಯಾವ ಬಂಧುವಾದರೂ ಸಮಿತಿಗೆ ದೂರು ಕೊಟ್ಟು ಅವರನ್ನು ತೆಗೆಸಬಹುದು. ಮಗನ ಹೆಸರಿನಲ್ಲಿ ಆಸ್ತಿ ಕಡಿಮೆಯಿದ್ದಷ್ಟೂ ಈ ಲೆಕ್ಕ ಹಗುರ ಎಂಬುದನ್ನೂ ಗಮನಿಸಬೇಕು.

ಪಾಲಕತ್ವ ಪಿತ್ರಾರ್ಜಿತವಲ್ಲ. ನನ್ನ ನಂತರ ಮಗಳೇ ಪಾಲಕಳು ಎಂದು ಉಯಿಲಿನಲ್ಲಿ ಬರೆದರೆ ಅದು ಸಮಿತಿಗೆ ತಂದೆಯ ಇಚ್ಛೆ ಎಂದು ಕಾಣುತ್ತದೆಯೇ ಹೊರತು ನೇಮಕವಾಗದು. ತಂದೆತಾಯಿಗಳು ಹೋದ ಮೇಲೆ ಮಗಳು ಹೊಸ ಅರ್ಜಿ ಹಾಕಬೇಕು. ಆಗ ಮಗ ಪುಣೆಗೆ ಹೋಗಿ ನೆಲಸಿದ್ದರೆ ಪುಣೆಯ ಸಮಿತಿ. ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆಗೆ ಈ ಬಾಗಿಲು ತೆರೆಯದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಅದಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾನೂನಿನ 14ನೆಯ ಕಲಮಿನಡಿ ಸೀಮಿತ ಪಾಲಕತ್ವವನ್ನೋ, ಇಲ್ಲವೆ ಉಚ್ಚ ನ್ಯಾಯಾಲಯವನ್ನೋ ಆಶ್ರಯಿಸಬೇಕು. ಆ ಕಥೆ ಬೇರೆ.

ಮಗಳು ಟ್ರಸ್ಟಿಯೂ ಪಾಲಕಳೂ ಎರಡೂ ಆಗಬಹುದೇ? ಕಾನೂನಿನ ಅಡ್ಡಿಯಿಲ್ಲ. ಟ್ರಸ್ಟಿಗಳು ಮೂವರಿರುವುದರಿಂದ ನಮ್ಮ ಅಡ್ಡಿಯೂ ಇಲ್ಲ. ಹಣ ಹಿಡಿದವರೂ ಖರ್ಚು ಮಾಡುವವರೂ ಒಬ್ಬರೇ ಆಗಿ ಕೇಳುವವರು ಯಾರೂ ಇಲ್ಲದಿರುವುದು ಮಾತ್ರ ಬೇಡ.

ಇನ್ನು ಪಿಂಚಣಿಯನ್ನು ಮಗನ ತನಕ ಮುಟ್ಟಿಸುವ ಕೆಲಸ. ಇದನ್ನು ಬದುಕಿರುವಾಗಲೇ ಮಾಡಿದರೆ ಒಂದು ಅರ್ಜಿ. ಆಮೇಲೆ ಮಾಡಿದರೆ ಒಂದು ತಪಸ್ಸು. ತಂದೆ ತಾವು ನಿವೃತ್ತರಾದ ಕಚೇರಿಯ ಮುಖ್ಯಸ್ಥರಿಗೆ, ಮಗನಿಗೆ ಇಂಥ ವೈಕಲ್ಯವಿದೆ, ಅದರಿಂದ ಅವನು ಜೀವನೋಪಾಯ ಸಂಪಾದಿಸಲಾರನು ಎಂದು ಪ್ರಮಾಣಪತ್ರದ ಸಹಿತ ಬರೆದುಕೊಂಡು, ಪಿಂಚಣಿ ಪಾವತಿ ಆದೇಶದಲ್ಲಿ ಅವನ ಹೆಸರನ್ನು ಸೇರಿಸಬೇಕೆಂದು ಕೇಳಬೇಕು. ಅಲ್ಲಿಂದ ಅದು ವೇತನ ಮತ್ತು ಲೆಕ್ಕಪತ್ರ ಕಚೇರಿಗೂ, ದಿಲ್ಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿಗೂ ಹೋಗಿ, ತಿದ್ದುಪಡಿಯಾಗಿ ಬ್ಯಾಂಕಿಗೆ ಬರುತ್ತದೆ. ಪ್ರಮಾಣಪತ್ರದಲ್ಲಿ ವೈಕಲ್ಯ ಶಾಶ್ವತ ಎಂಬ ಮಾತಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ಶಾಶ್ವತವೆಂದಿದ್ದರೆ ಮತ್ತೆ ಮತ್ತೆ ತೋರಿಸಬೇಕಾಗಿಲ್ಲ, ತಾತ್ಕಾಲಿಕವೆಂದಿದ್ದರೆ ಕಾಲಕಾಲಕ್ಕೆ ಹೊಸದು ಬೇಕು. ಜೀವನೋಪಾಯದ ಮಾತೂ ಮುಖ್ಯ. ನೂರಕ್ಕೆ ಎಷ್ಟು ಎಂಬ ಅಂಕಿಯೊಂದೇ ಇದ್ದು ಇದಿಲ್ಲವಾದರೆ ಕಡತ ಹಿಂತಿರುಗುವುದುಂಟು.

ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಬರೆಯಬೇಕು, ಬಹಳ ಜನ ಬಿಡುವುದು ಇದನ್ನೇ. ಬೌದ್ಧಿಕ ವೈಕಲ್ಯವಿರುವ ಮಗನ ಪಿಂಚಣಿಯನ್ನು ಅವನ ಪರವಾಗಿ ಯಾರು ಪಡೆಯತಕ್ಕದ್ದು ಎಂದು ತಂದೆಯೇ ನಾಮನಿರ್ದೇಶನ ಮಾಡಬಹುದು; ಅವರು ಮಾಡದಿದ್ದರೆ ಆಮೇಲೆ ತಾಯಿ ಮಾಡಬಹುದು. ಇಬ್ಬರೂ ಮಾಡದೆ ಹೋದರೆ ಸಮಿತಿಯ ಪಾಲಕತ್ವದ ಪ್ರಮಾಣಪತ್ರವೂ ಆಗುತ್ತದೆ. ನಾಮನಿರ್ದೇಶನವಿದ್ದರೆ ಕೋರ್ಟಿನ ಪಾಲಕತ್ವದ ಪತ್ರ ತನ್ನಿರೆಂದು ಬ್ಯಾಂಕು ಹಟ ಹಿಡಿಯಬಾರದೆಂದು ಪಿಂಚಣಿ ಇಲಾಖೆ ಸ್ಪಷ್ಟಪಡಿಸಿದೆ. ಮಗಳ ಹೆಸರನ್ನು ಈ ಸಾಲಿನಲ್ಲಿ ಬರೆದರೆ, ತಾಯಿ ತೀರಿಕೊಂಡ ಮರುತಿಂಗಳು ಸಮಿತಿಯ ಸಭೆಗೆ ಕಾಯುತ್ತ ಮಗನ ಊಟ ನಿಲ್ಲುವುದಿಲ್ಲ. ಹೆಸರು ಸೇರಿಸದೆ ತಂದೆತಾಯಿಗಳಿಬ್ಬರೂ ಹೋದರೂ ಮಗನ ಹಕ್ಕು ಹೋಗದು ನಿಜ. ಆದರೆ ಅವರು ಬದುಕಿದ್ದಾಗಲೇ ವೈಕಲ್ಯವಿತ್ತೆಂದು ಆಗ ಯಾರು ಹೇಳಬೇಕು, ಹಳೆಯ ಕಾಗದ ಯಾವ ಕಪಾಟಿನಲ್ಲಿದೆಯೆಂದು ಯಾರಿಗೆ ಗೊತ್ತು?

ರಾಜ್ಯ ಸರಕಾರದ ಪಿಂಚಣಿದಾರರು, ಅಂದರೆ ತೆಲಂಗಾಣದ ಅಥವಾ ಕರ್ನಾಟಕದ ಖಜಾನೆಯಿಂದ ಪಡೆಯುವವರು, ಇಲ್ಲಿಯ ಅಂಕಿಗಳನ್ನು ತಮ್ಮವೆಂದು ತಿಳಿಯಬಾರದು. ಅವರವರ ರಾಜ್ಯದ ನಿಯಮದಲ್ಲಿ ಆದಾಯದ ಮಿತಿ ಬೇರೆ ಇರಬಹುದು. ತಮ್ಮ ಖಜಾನೆಯಲ್ಲಿಯೇ ಕೇಳಬೇಕು.

ನಮ್ಮ ಪ್ರಾಯದವರ ಸ್ಥಿತಿ ಇದಕ್ಕಿಂತ ಬೇರೆ. 2004ರ ಜನವರಿ 1ರಿಂದ ಈಚೆಗೆ ಕೇಂದ್ರ ಸರಕಾರದ ಕೆಲಸಕ್ಕೆ ಸೇರಿದ ನಮ್ಮಂಥ ಗುಮಾಸ್ತರು ಹೊಸ ಪಿಂಚಣಿ ಪದ್ಧತಿಯವರು. ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಹಳೆಯ ನಿಯಮದ ಕುಟುಂಬ ಪಿಂಚಣಿಯನ್ನು ಕೊಡಬೇಕೆಂದು ಆಯ್ಕೆಪತ್ರ ಬರೆದಿಡಬಹುದು. ಮನೆಯಲ್ಲಿ ಇಂಥ ಮಗುವಿರುವವರು ಆ ಪತ್ರ ಸೇವಾಪುಸ್ತಕದಲ್ಲಿದೆಯೇ ಎಂದು ನಾಳೆಯೇ ನೋಡಿಕೊಳ್ಳಬೇಕು. ಆದರೆ ನಿವೃತ್ತಿಯ ನಂತರ ಕೊಳ್ಳುವ ಆ್ಯನ್ಯುಟಿಯ ಸಾಮಾನ್ಯ ಬಗೆಯಲ್ಲಿ ಗಂಡ ಹೆಂಡತಿಯರ ಹಾಗೂ ತಂದೆತಾಯಿಗಳ ಕಾಲದ ನಂತರ ಮಕ್ಕಳಿಗೆ ಬರುವುದು ಇಡುಗಂಟು, ಜೀವಮಾನದ ತಿಂಗಳ ಪಿಂಚಣಿಯಲ್ಲ. 2025ರ ಏಪ್ರಿಲಿನಲ್ಲಿ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿಯೂ ನೌಕರನ ನಂತರದ ಪಾವತಿ ಪತಿಗೋ ಪತ್ನಿಗೋ ಅಷ್ಟೇ. ಹೀಗಾಗಿ ನಮ್ಮವರಿಗೆ ಟ್ರಸ್ಟು ತುರ್ತಿನ ಗಂಟಲ್ಲ, ತಿಂಗಳ ಅನ್ನವೇ ಅದರಿಂದ ಬರಬೇಕು. ಆದಾಯದ ಮಿತಿಯ ಅಂಜಿಕೆಯಿಲ್ಲದ್ದರಿಂದ ಟ್ರಸ್ಟಿನ ಉತ್ಪನ್ನವೆಲ್ಲ ಮಗನದೇ ಎಂದು ನಿಶ್ಚಿತವಾಗಿ ಬರೆಯಬಹುದು. ಆಗ ತೆರಿಗೆಯೂ ಅವನದೇ ಆದಾಯವೆಂಬಂತೆ ಬೀಳುತ್ತದೆ. ಮೊತ್ತ ಮಾತ್ರ ದೊಡ್ಡದು ಬೇಕು. ತಿಂಗಳಿಗೆ 25,000 ಎಂದರೆ ವರ್ಷಕ್ಕೆ ಮೂರು ಲಕ್ಷ. ನೂರಕ್ಕೆ ಏಳರ ಬಡ್ಡಿಯಲ್ಲಿ ಸುಮಾರು 43 ಲಕ್ಷ ಇಂದಿನ ಖರ್ಚಿಗೆ ಸಾಕೆಂದು ಕಾಣುತ್ತದೆ. ಆದರೆ ಬಡ್ಡಿಯನ್ನೆಲ್ಲ ತಿಂದುಬಿಟ್ಟರೆ ಏರುವ ಬೆಲೆಗೆ ಏನೂ ಉಳಿಯದು. ಬೆಲೆ ನೂರಕ್ಕೆ ಆರರಂತೆ ಏರಿದರೆ, ಗಂಟನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತ ನಲವತ್ತು ವರ್ಷ ನಡೆಸಲು ಒಂದು ಕೋಟಿಯ ಆಸುಪಾಸಿನಲ್ಲಿರಬೇಕಾಗುತ್ತದೆ. ಈ ಅಂಕಿಯನ್ನು ನೋಡಿ ಗಾಬರಿಯಾಗುವವರು, ಮನೆಯ ಬೆಲೆಯೂ ಈ ಗಂಟಿನೊಳಗೇ ಸೇರುತ್ತದೆಂಬುದನ್ನು ನೆನೆಯಬೇಕು.

ಹಾವೇರಿಯ ಮಹನೀಯರು ಈ ತಿಂಗಳು ಮಾಡಬೇಕಾದದ್ದು ಪಿಂಚಣಿಯ ಅರ್ಜಿ. ಅದಕ್ಕೆ ಖರ್ಚಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ಸಮಿತಿಯ ಅರ್ಜಿ ಅದರ ಬೆನ್ನಿಗೆ. ಉಯಿಲಿಗೆ ದಸರೆಗೆ ಮಗಳು ಅಳಿಯ ಬರುವ ತನಕ ಕಾಯಬಹುದು, ಅವರ ಎದುರಿನಲ್ಲಿಯೇ ಕರಡನ್ನು ಓದುವುದು ಮೇಲು. ಪಿಂಚಣಿ ಆದೇಶದ ತಿದ್ದಿದ ಪ್ರತಿ ಕೈಗೆ ಬಂದಾಗ ಅದರಲ್ಲಿ ಮಗನ ಹೆಸರೂ, ಅವನ ಪರವಾಗಿ ಪಡೆಯುವವಳೆಂದು ಮಗಳ ಹೆಸರೂ ಎರಡೂ ಇವೆಯೇ ಎಂದು ನೋಡಿ, ಒಂದು ಪ್ರತಿಯನ್ನು ಪುಣೆಗೆ ಕಳುಹಿಸಲಿ.